ಕುದಿಸಿದ ಕಾಫಿಯೂ ಸೋಸಿದ ಕಾಫಿಯೂ

ಉತ್ತರ ಧ್ರುವವೃತ್ತಕ್ಕೂ ಆಚೆ, ನಾರ್ವೆ ದೇಶದ ಮೇಲ್ತುದಿಯಲ್ಲಿ, ಕಡಲಿನ ಕವಲುಗಳ ನಡುವಣ ದ್ವೀಪವೊಂದರ ಮೇಲೆ ಟ್ರೋಮ್ಸೋ ಎಂಬ ಪಟ್ಟಣವಿದೆ. 1970ರ ದಶಕದಲ್ಲಿ ನಾರ್ವೆಯ ಪುರುಷರು ಹೃದ್ರೋಗದಿಂದ ಅಕಾಲದಲ್ಲಿ ಮರಣಹೊಂದುತ್ತಿದ್ದುದು ಆ ದೇಶದ ವೈದ್ಯರನ್ನು ಗಾಢವಾದ ಚಿಂತೆಗೆ ಈಡುಮಾಡಿತ್ತು. ದೇಶದ ಉತ್ತರ ಭಾಗದಲ್ಲಿಯಂತೂ ಪರಿಸ್ಥಿತಿ ಇನ್ನೂ ವಿಷಮವಾಗಿದ್ದಿತು. ಹೊಸದಾಗಿ ಸ್ಥಾಪಿತವಾಗಿದ್ದ ಅಲ್ಲಿಯ ವಿಶ್ವವಿದ್ಯಾನಿಲಯದ ವೈದ್ಯರು ಇದರ ಕಾರಣವನ್ನು ಶೋಧಿಸಲು 1974ರಲ್ಲಿ ಒಂದು ದೀರ್ಘಕಾಲದ ಸಮೀಕ್ಷೆಯನ್ನು ಆರಂಭಿಸಿದರು. ಊರಿನ ಜನರನ್ನು ಕರೆದು, ರಕ್ತವನ್ನು ಪರೀಕ್ಷಿಸಿ, ಅವರ ಆಹಾರ, ಧೂಮಪಾನ, ವ್ಯಾಯಾಮಗಳನ್ನು ಕುರಿತು ಪ್ರಶ್ನಿಸಿ, ಉತ್ತರಗಳನ್ನು ಬರೆದಿಟ್ಟುಕೊಳ್ಳುವುದು ಅವರ ಕ್ರಮ. ಆ ಪ್ರಶ್ನೆಗಳ ನಡುವೆ, ದಿನಕ್ಕೆ ಎಷ್ಟು ಬಟ್ಟಲು ಕಾಫಿ ಕುಡಿಯುತ್ತೀರಿ ಎಂಬುದೂ ಒಂದಾಗಿತ್ತು.

ಡಾಗ್ ತೆಲ್ಲೆ, ಎಗಿಲ್ ಆರ್ನೆಸೆನ್ ಮತ್ತು ಓಲಾವ್ ಫೋರ್ಡೆ ಎಂಬ ಮೂವರು 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಸ್ತ್ರೀಪುರುಷರ ಲೆಕ್ಕವಿತ್ತು. ಕಾಫಿಯ ಬಟ್ಟಲುಗಳ ಸಂಖ್ಯೆ ಏರಿದಂತೆಲ್ಲ ರಕ್ತದಲ್ಲಿನ ಕೊಲೆಸ್ಟರಾಲ್ ಕೂಡ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದುದು ಅದರಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಕಾಫಿ ಕುಡಿಯುವವರು ಹೆಚ್ಚಾಗಿ ಸಿಗರೇಟು ಸೇದುವವರೂ ಆಗಿರಬಹುದು, ಬೆಣ್ಣೆಯನ್ನು ಹೆಚ್ಚಾಗಿ ತಿನ್ನುವವರೂ ಆಗಿರಬಹುದು ಎಂಬ ಶಂಕೆ ಯಾರಿಗಾದರೂ ಬರತಕ್ಕದ್ದೆ. ಲೇಖಕರು ಅಂತಹ ಅಂಶಗಳನ್ನು ಲೆಕ್ಕದಲ್ಲಿ ಹಿಡಿದು ತೂಗಿನೋಡಿದ ಮೇಲೂ ಸಂಬಂಧ ಅಳಿಯಲಿಲ್ಲ. ಆದರೆ ಈ ವಾರ್ತೆ ಹೊರದೇಶಗಳಿಗೆ ತಲುಪಿದಾಗ ಅಲ್ಲಿಯ ಪಂಡಿತರಲ್ಲಿ ಹಲವರು ಇದನ್ನು ಒಪ್ಪಲು ಹಿಂಜರಿದರು. ಅಮೆರಿಕದಲ್ಲಿ ಅದಕ್ಕೆ ಮೊದಲು ನಡೆದಿದ್ದ ಅಧ್ಯಯನಗಳಲ್ಲಿ ಇಂತಹ ಸಂಬಂಧ ಒಮ್ಮೆ ಕಂಡರೆ ಮತ್ತೊಮ್ಮೆ ಕಾಣದೆ ಹೋಗಿದ್ದಿತು. ಒಂದೇ ಗಿಡದ ಬೀಜ, ಒಂದೇ ಬಗೆಯ ಹುರಿತ, ಒಂದೇ ಹೆಸರಿನ ಪಾನೀಯ. ಅಂತಹುದು ಒಂದು ದೇಶದ ಜನರ ರಕ್ತದಲ್ಲಿ ಕೊಲೆಸ್ಟರಾಲನ್ನು ಏರಿಸಿ ಇನ್ನೊಂದು ದೇಶದವರಲ್ಲಿ ಏನನ್ನೂ ಮಾಡದಿರುವುದು ಹೇಗೆ ಸಾಧ್ಯ?

ಈ ವೈಷಮ್ಯದ ಮೂಲವಿದ್ದುದು ಬೀಜದಲ್ಲಿ ಅಲ್ಲ, ಅಡಿಗೆಯ ಮನೆಯಲ್ಲಿ. ಉತ್ತರ ನಾರ್ವೆಯ ಮನೆಗಳಲ್ಲಿ ಆ ಕಾಲಕ್ಕೆ ಬಹುಮಂದಿ ಕುಡಿಯುತ್ತಿದ್ದುದು ಕುದಿಸಿದ ಕಾಫಿಯನ್ನು. ದಪ್ಪಗೆ ಬೀಸಿದ ಪುಡಿಯನ್ನು ಪಾತ್ರೆಯೊಳಗಿನ ಕುದಿಯುವ ನೀರಿಗೆ ನೇರವಾಗಿ ಹಾಕಿ, ಕೆಲವು ನಿಮಿಷ ಹಾಗೆಯೇ ಬಿಟ್ಟು, ಗಷ್ಟು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮೆಲ್ಲನೆ ಬಟ್ಟಲಿಗೆ ಬಗ್ಗಿಸಿಕೊಳ್ಳುವುದು ಅಲ್ಲಿಯ ವಾಡಿಕೆ. ನಡುವೆ ಬಟ್ಟೆಯಿಲ್ಲ, ಕಾಗದವಿಲ್ಲ, ಸೋಸುವ ಕ್ರಿಯೆಯೇ ಇಲ್ಲ. ಇತರ ಹಲವು ನಾಡುಗಳಲ್ಲಾದರೋ ಕಾಗದದ ಶೋಧಕದಲ್ಲಿ ಪುಡಿಯನ್ನಿಟ್ಟು ಮೇಲಿನಿಂದ ಬಿಸಿನೀರು ಸುರಿದು ಇಳಿಸಿಕೊಳ್ಳುವ ಪದ್ಧತಿ, ಇಲ್ಲವೆ ನೀರಿನಲ್ಲಿ ಒಡನೆಯೇ ಕರಗುವ ಇನ್‌ಸ್ಟಂಟ್ ಕಾಫಿಯ ಪದ್ಧತಿ, ಬೇರೂರಿದ್ದಿತು. ಸಮೀಕ್ಷೆಯ ಪ್ರಶ್ನೆಪಟ್ಟಿಗಳು ಬಟ್ಟಲುಗಳನ್ನು ಎಣಿಸಿದವೇ ಹೊರತು ಬಟ್ಟಲಿಗೆ ಕಾಫಿ ಯಾವ ದಾರಿಯಿಂದ ಬಂದಿತೆಂಬುದನ್ನು ಕೇಳಿರಲಿಲ್ಲ.

ಸಮೀಕ್ಷೆಯಿಂದ ಶಂಕೆ ಹುಟ್ಟಬಹುದು. ನಿರ್ಣಯಕ್ಕೆ ಪ್ರಯೋಗ ಬೇಕು. ಫೋರ್ಡೆ ಮತ್ತು ಅವರ ಸಂಗಡಿಗರು ಕೊಲೆಸ್ಟರಾಲ್ ಅಧಿಕವಾಗಿದ್ದ 33 ಮಂದಿ ಪುರುಷರನ್ನು ಆರಿಸಿಕೊಂಡು, ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳಾಗಿ ವಿಂಗಡಿಸಿ, ಕೆಲವರು ಎಂದಿನಂತೆ ಕಾಫಿ ಕುಡಿಯುತ್ತಿರಲಿ, ಉಳಿದವರು ಐದು ವಾರ ಕಾಫಿಯನ್ನು ಸಂಪೂರ್ಣವಾಗಿ ವರ್ಜಿಸಲಿ ಎಂದು ಏರ್ಪಡಿಸಿದರು. ವರ್ಜಿಸಿದವರ ಕೊಲೆಸ್ಟರಾಲು, ಕುಡಿಯುತ್ತಲೇ ಇದ್ದವರದಕ್ಕೆ ಹೋಲಿಸಿದರೆ, ಡೆಸಿಲೀಟರಿಗೆ ಸುಮಾರು 31 ಮಿಲಿಗ್ರಾಂನಷ್ಟು ತಗ್ಗಿತು. ಆ ಬಳಿಕ ಅವರಲ್ಲಿ ಕೆಲವರು ಕುದಿಸಿದ ಕಾಫಿಗೂ, ಕೆಲವರು ಕಾಗದದಲ್ಲಿ ಸೋಸಿದ ಕಾಫಿಗೂ ಮರಳಿದರು, ಮಿಕ್ಕವರು ವ್ರತವನ್ನೇ ಮುಂದುವರಿಸಿದರು. ಕುದಿಸಿದ ಕಾಫಿಗೆ ಮರಳಿದವರಲ್ಲಿ ಕೊಲೆಸ್ಟರಾಲು ಪುನಃ ಏರಿತು. ಸೋಸಿದ ಕಾಫಿಯನ್ನು ಹಿಡಿದವರಲ್ಲಿ ಇಳಿದ ಮಟ್ಟದಲ್ಲಿಯೇ ನಿಂತಿತು. 1985ರಲ್ಲಿ ಈ ಫಲಿತಾಂಶ ಪ್ರಕಟವಾದೊಡನೆ, ಕಾಫಿಯ ಮೇಲಿದ್ದ ಆರೋಪವು ಕಾಫಿಯನ್ನು ತಯಾರಿಸುವ ವಿಧಾನದ ಮೇಲಕ್ಕೆ ವರ್ಗಾವಣೆಯಾಯಿತೆಂದು ಹೇಳಬೇಕು.

ಇದಾದ ಮೇಲೆ ವಿಷಯವನ್ನು ಕೈಗೆತ್ತಿಕೊಂಡವರು ಪ್ರಧಾನವಾಗಿ ನೆದರ್ಲೆಂಡ್ಸಿನ ವಿಜ್ಞಾನಿಗಳು. ಬಾಕ್ ಮತ್ತು ಗ್ರೋಬೆ ಎಂಬಿಬ್ಬರು 107 ಮಂದಿ ಆರೋಗ್ಯವಂತರಾದ ತರುಣ ತರುಣಿಯರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ನಾಲ್ಕರಿಂದ ಆರು ಬಟ್ಟಲು ಕುದಿಸಿದ ಕಾಫಿ, ಇನ್ನೊಂದಕ್ಕೆ ಅಷ್ಟೇ ಸೋಸಿದ ಕಾಫಿ, ಮೂರನೆಯದಕ್ಕೆ ಕಾಫಿಯೇ ಇಲ್ಲ ಎಂದು ವಿಧಿಸಿ, ಹಲವು ವಾರಗಳ ಕಾಲ ಅವರ ರಕ್ತವನ್ನು ಪರೀಕ್ಷಿಸಿದರು. 1989ರಲ್ಲಿ ಪ್ರಕಟವಾದ ಅವರ ವರದಿಯಂತೆ, ಕಾಫಿಯನ್ನೇ ಬಿಟ್ಟಿದ್ದವರಿಗೆ ಹೋಲಿಸಿದರೆ ಕುದಿಸಿದ ಕಾಫಿಯವರಲ್ಲಿ ಒಟ್ಟು ಕೊಲೆಸ್ಟರಾಲು ಡೆಸಿಲೀಟರಿಗೆ ಸುಮಾರು 18 ಮಿಲಿಗ್ರಾಂನಷ್ಟು ಹೆಚ್ಚಿತು, ಅದರಲ್ಲಿ 15 ಎಲ್‌ಡಿಎಲ್‌ನ ಪಾಲು. ಸೋಸಿದ ಕಾಫಿಯವರಲ್ಲಿ ಗಮನಾರ್ಹವಾದ ವ್ಯತ್ಯಾಸವೇನೂ ಕಾಣಲಿಲ್ಲ. ಎಲ್‌ಡಿಎಲ್ ಎಂಬುದು ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ಸಂಚರಿಸುವ ಕಣಗಳಲ್ಲೊಂದು. ಅದು ಮಿತಿಮೀರಿದಾಗ ಧಮನಿಗಳ ಭಿತ್ತಿಯನ್ನು ಹೊಕ್ಕು ಅಲ್ಲಿ ಸಂಚಯಗೊಂಡು, ಕಾಲಕ್ರಮದಲ್ಲಿ ರಕ್ತದ ದಾರಿಯನ್ನು ಸಂಕುಚಿತಗೊಳಿಸುತ್ತದೆ. ಆದುದರಿಂದ ಏರಿಕೆಯ ಬಹುಭಾಗ ಎಲ್‌ಡಿಎಲ್‌ನಲ್ಲಿಯೇ ಆಗಿದ್ದುದು ನಿರ್ಲಕ್ಷಿಸತಕ್ಕ ಸಂಗತಿಯಾಗಿರಲಿಲ್ಲ.

ಆದರೂ ಒಂದು ಸಂದೇಹ ಉಳಿದಿತ್ತು. ಕುದಿಸುವುದಕ್ಕೂ ಸೋಸುವುದಕ್ಕೂ ಎರಡು ಭೇದಗಳುಂಟು: ಒಂದರಲ್ಲಿ ಪುಡಿ ದೀರ್ಘಕಾಲ ಬಿಸಿನೀರಿನ ಸಂಗದಲ್ಲಿರುತ್ತದೆ, ಇನ್ನೊಂದರಲ್ಲಿ ಕಾಗದ ಅಡ್ಡವಿರುತ್ತದೆ. ದೋಷವು ಕುದಿತದಲ್ಲಿದೆಯೋ, ಕಾಗದದ ಅಭಾವದಲ್ಲಿದೆಯೋ? ಇದನ್ನು ಬಿಡಿಸಿದ ಪ್ರಯೋಗ ಸರಳವಾದುದು, ಸರಳತೆಯಿಂದಲೇ ಸುಂದರವಾದುದು. ಡಚ್ ಸಂಶೋಧಕರು ಕಾಫಿಯನ್ನು ಒಂದೇ ರೀತಿಯಲ್ಲಿ ಕುದಿಸಿ, ಅರ್ಧವನ್ನು ಹಾಗೆಯೇ ಇರಿಸಿಕೊಂಡು, ಉಳಿದರ್ಧವನ್ನು ಕಾಗದದ ಶೋಧಕದ ಮೂಲಕ ಹಾಯಿಸಿದರು. ಹೀಗೆ ಎರಡೂ ಸಮಾನವಾಗಿ ಕುದಿದವು, ಆದರೆ ಒಂದು ಮಾತ್ರ ಸೋಸಲ್ಪಟ್ಟಿತು. 64 ಮಂದಿ ಸ್ವಯಂಸೇವಕರಲ್ಲಿ ಒಂದು ಪಂಗಡ ಮೊದಲನೆಯದನ್ನೂ, ಇನ್ನೊಂದು ಎರಡನೆಯದನ್ನೂ, ದಿನಕ್ಕೆ 0.9 ಲೀಟರಿನಂತೆ 79 ದಿನಗಳ ಕಾಲ ಸೇವಿಸಿತು. ಮೂರನೆಯ ಪಂಗಡ ಕಾಫಿಯನ್ನು ಮುಟ್ಟಲಿಲ್ಲ. ಕೊಲೆಸ್ಟರಾಲು ಏರಿದುದು ಸೋಸದ ಕಾಫಿಯವರಲ್ಲಿ ಮಾತ್ರ; ಸೋಸಿದುದನ್ನು ಕುಡಿದವರಿಗಿಂತ ಡೆಸಿಲೀಟರಿಗೆ 16 ಮಿಲಿಗ್ರಾಂನಷ್ಟು. ಎರಡು ಕಾಫಿಗಳನ್ನೂ ರಾಸಾಯನಿಕವಾಗಿ ಪರೀಕ್ಷಿಸಿದಾಗ, ಸೋಸದ ಲೀಟರಿನಲ್ಲಿ ಒಂದು ಗ್ರಾಂನಷ್ಟು ಜಿಡ್ಡಿನ ಅಂಶವಿತ್ತು, ಸೋಸಿದ ಲೀಟರಿನಲ್ಲಿ ಅದರ ಐವತ್ತರಲ್ಲೊಂದು ಭಾಗ. ಕುದಿತವು ನಿರ್ದೋಷಿಯೆಂದಾಯಿತು; ಹುಡುಕಬೇಕಾದ ವಸ್ತು ಕಾಗದದ ಈಚೆಯೇ ಉಳಿಯುವಂತಹುದು, ಜಿಡ್ಡಿನ ಜಾತಿಗೆ ಸೇರಿದುದು ಎಂಬುದು ಖಚಿತವಾಯಿತು. ಕೆಫೀನು ನೀರಿನಲ್ಲಿ ಕರಗಿ ಕಾಗದದ ಮೂಲಕ ಧಾರಾಳವಾಗಿ ಇಳಿದುಹೋಗುವ ಪದಾರ್ಥವಾದುದರಿಂದ ಅದರ ಮೇಲಿನ ಸಂಶಯವೂ ಇದರೊಡನೆಯೇ ನಿವಾರಣೆಯಾಯಿತು.

ಆ ಜಿಡ್ಡನ್ನೇ ಬೇರ್ಪಡಿಸಿ ಮನುಷ್ಯರಿಗೆ ಕೊಟ್ಟು ನೋಡಿದರೆ ಹೇಗೆ? ಪೀಟರ್ ಜಾಕ್, ಮಾರ್ಟೈನ್ ಕಾಟಾನ್ ಮೊದಲಾದ ವಾಹೆನಿಂಗೆನ್ ನಗರದ ಸಂಶೋಧಕರು 1990ರಲ್ಲಿ ಪ್ರಕಟಿಸಿದುದು ಇದರ ಉತ್ತರವನ್ನು. ಕುದಿಸಿದ ಕಾಫಿಯಿಂದ ತೆಗೆದ ಜಿಡ್ಡುಳ್ಳ ಸಾರವನ್ನು ಹತ್ತು ಮಂದಿ ಸ್ವಯಂಸೇವಕರು ಆರು ವಾರಗಳ ಕಾಲ ದಿನವೂ ಸೇವಿಸಿದರು. ಆ ಸಾರದಲ್ಲಿದ್ದ ಜಿಡ್ಡು ದಿನಕ್ಕೆ ಒಂದೂಕಾಲು ಗ್ರಾಂನಷ್ಟು ಮಾತ್ರ. ಊಟದಲ್ಲಿ ಬೀಳುವ ಎಣ್ಣೆಗೆ ಹೋಲಿಸಿದರೆ ಲೆಕ್ಕಕ್ಕೇ ಬಾರದ ಅಲ್ಪ ಪ್ರಮಾಣ. ಆದರೂ ಹತ್ತೂ ಮಂದಿಯಲ್ಲಿ ಕೊಲೆಸ್ಟರಾಲು ಏರಿತು, ಸರಾಸರಿಯಲ್ಲಿ ಶೇಕಡಾ 23ರಷ್ಟು. ಇಷ್ಟು ಅಲ್ಪವಾದ ಜಿಡ್ಡು ಇಷ್ಟು ದೊಡ್ಡ ಪರಿಣಾಮವನ್ನು ಮಾಡಬೇಕಾದರೆ ಅದು ಆಹಾರವಾಗಿ ವರ್ತಿಸುತ್ತಿಲ್ಲ, ಔಷಧದಂತೆ ವರ್ತಿಸುತ್ತಿದೆ. ಎಂದರೆ ಅದರೊಳಗೆ ಯಾವುದೋ ಒಂದು ಪ್ರಬಲವಾದ ಸಂಯುಕ್ತ ಅಡಗಿದೆ ಎಂದೇ ಊಹಿಸಬೇಕಾಯಿತು.

ಕಾಫಿಬೀಜದಲ್ಲಿ ಎಣ್ಣೆಯಿರುವುದು ಬಹುಕಾಲದಿಂದ ತಿಳಿದ ವಿಷಯ. ಆ ಎಣ್ಣೆಯ ಬಹುಭಾಗ ನಮ್ಮ ಅಡಿಗೆಯ ಎಣ್ಣೆಗಳಂತೆಯೇ ಸಾಮಾನ್ಯ ಕೊಬ್ಬು. ಆದರೆ ಉಳಿದ ಸ್ವಲ್ಪ ಭಾಗದಲ್ಲಿ ಡೈಟರ್ಪೀನ್ ಎಂಬ ವರ್ಗಕ್ಕೆ ಸೇರಿದ ಎರಡು ಸಂಯುಕ್ತಗಳು, ಕೆಫೆಸ್ಟಾಲ್ ಮತ್ತು ಕಾವಿಯೋಲ್, ಕೊಬ್ಬಿನ ಆಮ್ಲಗಳೊಡನೆ ಕೂಡಿಕೊಂಡು ಇರುತ್ತವೆ. ರಸಾಯನಶಾಸ್ತ್ರಜ್ಞರು ಇವನ್ನು 1930ರ ದಶಕದಲ್ಲಿಯೇ ಬೇರ್ಪಡಿಸಿದ್ದರೂ, ಇವಕ್ಕೂ ಮನುಷ್ಯನ ರಕ್ತಕ್ಕೂ ಸಂಬಂಧವುಂಟೆಂದು ಯಾರೂ ತಿಳಿದಿರಲಿಲ್ಲ. ಕೆಫೆಸ್ಟಾಲಿನ ಅಣುಸೂತ್ರ C₂₀H₂₈O₃. ಕಾವಿಯೋಲಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳು ಕಡಿಮೆ, ಅಷ್ಟೇ ಅಂತರ. ಡಚ್ ವಿಜ್ಞಾನಿಗಳು ಕಾಫಿಯ ಎಣ್ಣೆಯಿಂದ ಈ ಅಂಶಗಳನ್ನು ತೆಗೆದುಹಾಕಿ ಉಳಿದ ಕೊಬ್ಬನ್ನು ಮಾತ್ರ ಕೊಟ್ಟಾಗ ಕೊಲೆಸ್ಟರಾಲು ಏರಲಿಲ್ಲ. ಶುದ್ಧೀಕರಿಸಿದ ಡೈಟರ್ಪೀನುಗಳನ್ನು ಕೊಟ್ಟಾಗ ಏರಿತು. ರೋಬಸ್ಟಾ ಬೀಜದ ಎಣ್ಣೆಯಲ್ಲಿ ಕಾವಿಯೋಲು ಇಲ್ಲವೆಂದೇ ಹೇಳಬಹುದು. ಆ ಎಣ್ಣೆಯೂ ಕೊಲೆಸ್ಟರಾಲನ್ನು ಏರಿಸಿತು. ಹೀಗೆ ಒಂದೊಂದಾಗಿ ಪರಿಹರಿಸುತ್ತ ಬಂದು, 1994ರ ಹೊತ್ತಿಗೆ ಮುಖ್ಯ ಹೊಣೆಗಾರ ಕೆಫೆಸ್ಟಾಲೆಂದೂ, ಕಾವಿಯೋಲಿನದು ಹೆಚ್ಚೆಂದರೆ ಅಲ್ಪ ಸಹಾಯವೆಂದೂ ನಿಶ್ಚಯವಾಯಿತು. ಈ ಶೋಧದಲ್ಲಿ ಪ್ರಾಣಿಗಳಿಗಿಂತ ಮನುಷ್ಯರನ್ನೇ ಅವಲಂಬಿಸಬೇಕಾಗಿ ಬಂದುದಕ್ಕೆ ಕಾರಣವುಂಟು: ಪ್ರಯೋಗಶಾಲೆಯ ಸಾಮಾನ್ಯ ಪ್ರಾಣಿಗಳಲ್ಲಿ ಕೆಫೆಸ್ಟಾಲಿನ ಪರಿಣಾಮ ಸ್ಥಿರವಾಗಿ ತೋರಿಬರಲಿಲ್ಲ.

ಈ ಸಂಯುಕ್ತವು ದೇಹದೊಳಗೆ ಮಾಡುವುದಾದರೂ ಏನು? ಕೊಲೆಸ್ಟರಾಲನ್ನು ದೇಹವು ಹೊರಹಾಕುವ ಮುಖ್ಯ ಮಾರ್ಗ ಪಿತ್ತಜನಕಾಂಗದಲ್ಲಿದೆ. ಅಲ್ಲಿ ಕೊಲೆಸ್ಟರಾಲು ಪಿತ್ತಾಮ್ಲವಾಗಿ ಪರಿವರ್ತಿತವಾಗಿ ಕರುಳಿಗೆ ಇಳಿಯುತ್ತದೆ. ಕರುಳಿನಲ್ಲಿ ಪಿತ್ತಾಮ್ಲ ಸಾಕಷ್ಟು ಸೇರಿದೆಯೆ ಎಂಬುದನ್ನು ಗ್ರಹಿಸಲು ಎಫ್‌ಎಕ್ಸ್‌ಆರ್ ಎಂಬ ಗ್ರಾಹಕವೊಂದಿದ್ದು, ಪಿತ್ತಾಮ್ಲ ಅದನ್ನು ಮುಟ್ಟಿದೊಡನೆ ಪಿತ್ತಜನಕಾಂಗಕ್ಕೆ ಸಂದೇಶ ಹೋಗಿ, ಅಲ್ಲಿಯ ತಯಾರಿಕೆ ತಗ್ಗುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಡೇವಿಡ್ ಮೂರ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ತೋರಿಸಿದುದೇನೆಂದರೆ, ಕೆಫೆಸ್ಟಾಲು ಇದೇ ಗ್ರಾಹಕಕ್ಕೆ ಹೋಗಿ ಅಂಟಿಕೊಂಡು ಪಿತ್ತಾಮ್ಲದಂತೆಯೇ ಅದನ್ನು ಪ್ರಚೋದಿಸಬಲ್ಲದು ಎಂಬುದು. ವಾಸ್ತವವಾಗಿ ಪಿತ್ತಾಮ್ಲ ಹೆಚ್ಚಿಲ್ಲ. ಆದರೂ ಹೆಚ್ಚಿದೆಯೆಂಬ ಸಂದೇಶ ಹೋಗುತ್ತದೆ. ನಮ್ಮ ಊರಿನ ಕೆರೆಯನ್ನು ನೆನೆದರೆ ಮುಂದಿನದು ಸುಲಭವಾಗಿ ಹೊಳೆಯುತ್ತದೆ: ಕೆಳಗಿನ ಗದ್ದೆಗಳಿಗೆ ನೀರು ಸಾಕೆಂಬ ತಪ್ಪು ವರ್ತಮಾನವನ್ನು ನಂಬಿ ತೂಬನ್ನು ಮುಚ್ಚಿದರೆ ಕೆರೆ ತುಂಬುತ್ತದೆ, ತುಂಬಿದ ಕೆರೆ ಕಾಲುವೆಯಿಂದ ಬರುವ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಕಾಲುವೆಯಲ್ಲಿಯೇ ನಿಲ್ಲುತ್ತದೆ. ಪಿತ್ತಜನಕಾಂಗವೂ ಹಾಗೆಯೇ ತನ್ನಲ್ಲಿ ಕೊಲೆಸ್ಟರಾಲು ತುಂಬಿದಾಗ, ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಒಳಕ್ಕೆ ಸೆಳೆದುಕೊಳ್ಳುವ ತನ್ನ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸೆಳೆಯಲ್ಪಡದ ಕಣಗಳು ರಕ್ತದಲ್ಲಿ ಉಳಿಯುತ್ತವೆ. ಮೂರ್ ಅವರ ಪ್ರಯೋಗಗಳು ಬಹುಪಾಲು ಜೀವಕೋಶಗಳಲ್ಲಿಯೂ ಇಲಿಗಳಲ್ಲಿಯೂ ನಡೆದವು. ಮನುಷ್ಯನ ವಿಷಯದಲ್ಲಿ ಇದನ್ನು ಸಮರ್ಥವಾದ ವಿವರಣೆಯೆಂದು ಕರೆಯುವುದು ನ್ಯಾಯ, ಅಂತಿಮ ಸಿದ್ಧಾಂತವೆಂದು ಕರೆಯುವುದು ಅವಸರವಾದೀತು.

ಕೆಫೆಸ್ಟಾಲು ಬಟ್ಟಲಿಗೆ ಬರುವುದು ಎರಡು ರೂಪಗಳಲ್ಲಿ. ಒಂದು, ಬಿಸಿನೀರಿನಲ್ಲಿ ಬಿಡಿಸಿಕೊಂಡು ತೇಲುವ ಸೂಕ್ಷ್ಮವಾದ ಎಣ್ಣೆಯ ಹನಿಗಳಾಗಿ. ಇನ್ನೊಂದು, ತಳಕ್ಕಿಳಿಯದೆ ದ್ರವದಲ್ಲಿಯೇ ತೂಗಾಡುವ ನುಣ್ಣನೆಯ ಪುಡಿಯ ಕಣಗಳೊಳಗೆ ಅಡಗಿಕೊಂಡು. ಅಂತಹ ನುಣ್ಣನೆಯ ಗಷ್ಟನ್ನು ಪ್ರತ್ಯೇಕವಾಗಿ ತಿನ್ನಿಸಿ ನೋಡಿದಾಗಲೂ ಸ್ವಯಂಸೇವಕರ ಕೊಲೆಸ್ಟರಾಲು ಏರಿತು. ಜೀರ್ಣಾಂಗಗಳು ಆ ಕಣಗಳಿಂದ ಎಣ್ಣೆಯನ್ನು ಹೊರತೆಗೆದುಕೊಳ್ಳಬಲ್ಲವು. ಕಾಗದದಲ್ಲಿ ಸೋಸುವಾಗ ಪುಡಿಯ ರಾಶಿಯೇ ಎಣ್ಣೆಯ ಬಹುಭಾಗವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ತಪ್ಪಿಸಿಕೊಂಡ ಹನಿಗಳನ್ನೂ ಕಣಗಳನ್ನೂ ಕಾಗದದ ನಾರು ತಡೆಯುತ್ತದೆ. ರಾಬ್ ಊರ್ಗರ್ಟ್ ಮತ್ತು ಸಂಗಡಿಗರು 1995ರಲ್ಲಿ ಬಗೆಬಗೆಯ ಕಾಫಿಗಳನ್ನು ಅಳೆದುನೋಡಿದಾಗ, ಕುದಿಸಿದ ಕಾಫಿ, ತುರ್ಕಿ ಕಾಫಿ, ಮತ್ತು ಜರಡಿಯನ್ನು ಕೆಳಕ್ಕೊತ್ತಿ ಪುಡಿಯನ್ನು ತಳಕ್ಕಿಳಿಸುವ ಫ್ರೆಂಚ್ ಪ್ರೆಸ್ ಕಾಫಿಗಳಲ್ಲಿ ಬಟ್ಟಲೊಂದಕ್ಕೆ ಮೂರರಿಂದ ಆರು ಮಿಲಿಗ್ರಾಂ ಕೆಫೆಸ್ಟಾಲಿದ್ದಿತು; ಎಸ್ಪ್ರೆಸೋದ ಪುಟ್ಟ ಬಟ್ಟಲಿನಲ್ಲಿ ಒಂದರಿಂದ ಎರಡು; ಕಾಗದದಲ್ಲಿ ಸೋಸಿದುದರಲ್ಲಿಯೂ ಇನ್‌ಸ್ಟಂಟಿನಲ್ಲಿಯೂ ಗಣನೆಗೆ ಸಿಕ್ಕದಷ್ಟು ಅಲ್ಪ. ಫ್ರೆಂಚ್ ಪ್ರೆಸ್ಸಿನ ಲೋಹದ ಜರಡಿ ದಪ್ಪ ಪುಡಿಯನ್ನು ತಡೆಯುತ್ತದೆಯೇ ಹೊರತು ಎಣ್ಣೆಯನ್ನು ತಡೆಯದು. ಇದೇ ಊರ್ಗರ್ಟ್ ಅವರು 46 ಮಂದಿಯನ್ನು ಎರಡು ಗುಂಪು ಮಾಡಿ ದಿನಕ್ಕೆ ಐದಾರು ಬಟ್ಟಲು ಕಾಫಿಯನ್ನು 24 ವಾರ ಕುಡಿಸಿದಾಗ, ಫ್ರೆಂಚ್ ಪ್ರೆಸ್ ಕಾಫಿಯವರ ಎಲ್‌ಡಿಎಲ್ ಸೋಸಿದ ಕಾಫಿಯವರದಕ್ಕಿಂತ ಡೆಸಿಲೀಟರಿಗೆ 10 ಮಿಲಿಗ್ರಾಂನಷ್ಟು ಮೇಲೆ ನಿಂತಿತು.

ಇಂತಹ ಹಲವು ಪ್ರಯೋಗಗಳನ್ನು ಕೂಡಿಸಿ ಊರ್ಗರ್ಟ್ ಮತ್ತು ಕಾಟಾನ್ 1997ರಲ್ಲಿ ಒಂದು ಸ್ಥೂಲವಾದ ಸೂತ್ರವನ್ನು ಕೊಟ್ಟರು: ದಿನವೂ ಒಳಹೋಗುವ ಪ್ರತಿ 10 ಮಿಲಿಗ್ರಾಂ ಕೆಫೆಸ್ಟಾಲಿಗೆ ರಕ್ತದ ಕೊಲೆಸ್ಟರಾಲು ಡೆಸಿಲೀಟರಿಗೆ 5 ಮಿಲಿಗ್ರಾಂನಷ್ಟು ಏರುತ್ತದೆ, ಆ ಏರಿಕೆಯಲ್ಲಿ ಐದರಲ್ಲಿ ನಾಲ್ಕು ಪಾಲು ಎಲ್‌ಡಿಎಲ್‌ನದು. ಇದನ್ನು ಒಬ್ಬ ವ್ಯಕ್ತಿಗೆ ಅನ್ವಯಿಸಿ ನೋಡೋಣ. ಬಟ್ಟಲಿಗೆ ನಾಲ್ಕು ಮಿಲಿಗ್ರಾಂ ಕೆಫೆಸ್ಟಾಲುಳ್ಳ ಕುದಿಸಿದ ಕಾಫಿಯನ್ನು ದಿನಕ್ಕೆ ಐದು ಬಟ್ಟಲು ಕುಡಿಯುವ ಗೃಹಸ್ಥನೊಬ್ಬನಿದ್ದಾನೆ. ಅವನ ಎಲ್‌ಡಿಎಲ್ 138 ಎಂದಿಟ್ಟುಕೊಳ್ಳೋಣ. ಅವನು ದಿನಕ್ಕೆ ಸೇವಿಸುವ ಕೆಫೆಸ್ಟಾಲು 20 ಮಿಲಿಗ್ರಾಂ. ಅದರಿಂದಾಗುವ ಒಟ್ಟು ಏರಿಕೆ 10, ಎಲ್‌ಡಿಎಲ್‌ನಲ್ಲಿ 8. ಕಾಫಿಯನ್ನು ಬಿಡದೆ, ಬಟ್ಟಲುಗಳ ಸಂಖ್ಯೆಯನ್ನೂ ತಗ್ಗಿಸದೆ, ಕಾಗದದ ಶೋಧಕವೊಂದನ್ನು ಮಾತ್ರ ನಡುವೆ ತಂದರೆ, ಕೆಲವು ವಾರಗಳಲ್ಲಿ ಅವನ ಎಲ್‌ಡಿಎಲ್ 130ರ ಆಸುಪಾಸಿಗೆ ಇಳಿಯಬೇಕು. ಸೋಸಿದ ಕಾಫಿ ಎಲ್‌ಡಿಎಲ್ ಅನ್ನು ತಗ್ಗಿಸುವ ಔಷಧವಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಅದು ಕೆಫೆಸ್ಟಾಲು ಏರಿಸಿದ್ದ ಪಾಲನ್ನು ಮಾತ್ರ ಹಿಂತಿರುಗಿಸುತ್ತದೆ. ಕುದಿಸಿದ ಕಾಫಿಯನ್ನು ಎಂದೂ ಕುಡಿಯದವನಿಗೆ ಕಾಗದದಿಂದ ಹೆಚ್ಚಿನ ಲಾಭವೇನೂ ಇಲ್ಲ.

ಇಳಿಯಿತೆ ಇಲ್ಲವೆ ಎಂಬುದನ್ನು ತಿಳಿಯುವಾಗ ಎಚ್ಚರ ಬೇಕು. ಒಬ್ಬನೇ ಮನುಷ್ಯನ ಕೊಲೆಸ್ಟರಾಲು, ಆಹಾರ ವಿಹಾರಗಳು ಯಥಾಸ್ಥಿತಿಯಲ್ಲಿದ್ದರೂ, ದಿನದಿಂದ ದಿನಕ್ಕೆ ಶೇಕಡಾ ಐದಾರರಷ್ಟು ಹೆಚ್ಚುಕಡಿಮೆಯಾಗುವುದು ಸಹಜ. 138ರಲ್ಲಿ ಶೇಕಡಾ ಆರೆಂದರೆ ಎಂಟು. ಎಂದರೆ ನಾವು ಹುಡುಕುತ್ತಿರುವ ಅಂತರವೂ ಸಹಜವಾದ ಏರಿಳಿತವೂ ಒಂದೇ ಅಳತೆಯವು. ಇಂದು ಒಂದು ಪರೀಕ್ಷೆ, ಬರುವ ವಾರ ಇನ್ನೊಂದು ಪರೀಕ್ಷೆ ಎಂದು ಮಾಡಿ ತೀರ್ಮಾನಕ್ಕೆ ಬಂದರೆ, ಇಲ್ಲದ ಲಾಭವನ್ನು ಕಂಡಂತೆಯೂ ಆಗಬಹುದು, ಇರುವ ಲಾಭವನ್ನು ಕಾಣದೆ ಹೋದಂತೆಯೂ ಆಗಬಹುದು. ಆದುದರಿಂದ ಬದಲಾವಣೆಗೆ ಮೊದಲು ಎರಡು ಬಾರಿ, ಬದಲಾಯಿಸಿ ಐದಾರು ವಾರ ಕಳೆದ ಮೇಲೆ ಎರಡು ಬಾರಿ ರಕ್ತವನ್ನು ಪರೀಕ್ಷಿಸಿ, ಸರಾಸರಿಗಳನ್ನು ಹೋಲಿಸುವುದು ವಿಹಿತ. ಈ ಅವಧಿಯಲ್ಲಿ ಊಟದ ಎಣ್ಣೆಯನ್ನಾಗಲಿ, ವ್ಯಾಯಾಮವನ್ನಾಗಲಿ, ಔಷಧಗಳನ್ನಾಗಲಿ ಬದಲಾಯಿಸಿದರೆ ಫಲ ಯಾವುದರದೆಂದು ಹೇಳಲು ಬಾರದು. ವೈದ್ಯರು ಕೊಟ್ಟಿರುವ ಔಷಧವನ್ನು ಶೋಧಕದ ಭರವಸೆಯ ಮೇಲೆ ನಿಲ್ಲಿಸುವುದಂತೂ ಸರ್ವಥಾ ಸಲ್ಲದು. ಎಂಟು ಮಿಲಿಗ್ರಾಂ ಇಳಿಕೆ ಸ್ವಾಗತಾರ್ಹವಾದರೂ, ಎಲ್‌ಡಿಎಲ್ ಬಹಳ ಹೆಚ್ಚಾಗಿರುವವನಿಗೆ ಅದೊಂದೇ ಸಾಲದು.

ಎಲ್‌ಡಿಎಲ್‌ನ ಏರಿಕೆಯಿಂದ ಆಯುಸ್ಸಿಗೇ ಧಕ್ಕೆಯುಂಟೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರೂ ನಾರ್ವೆಯವರೇ. ಅಲ್ಲಿಯ ಐದು ಲಕ್ಷಕ್ಕೂ ಮೀರಿದ ಸ್ತ್ರೀಪುರುಷರನ್ನು ಸರಾಸರಿ ಇಪ್ಪತ್ತು ವರ್ಷಗಳ ಕಾಲ ಅನುಸರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸೋಸಿದ ಕಾಫಿಯನ್ನು ಕುಡಿದವರಲ್ಲಿ ಮರಣದ ಪ್ರಮಾಣ ಕಾಫಿಯನ್ನೇ ಕುಡಿಯದವರಿಗಿಂತ ಶೇಕಡಾ 15ರಷ್ಟು ಕಡಿಮೆಯಿದ್ದುದು ಅದರಲ್ಲಿ ಕಂಡಿತು. ಸೋಸದ ಕಾಫಿಯನ್ನು ಕುಡಿದ, ಅರುವತ್ತು ಮೀರಿದ ಪುರುಷರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ ಸಂಭವಿಸಿದ ಮರಣಗಳು ಹೆಚ್ಚಾಗಿದ್ದವು. ಇದು ಸಮೀಕ್ಷೆಯೇ ಹೊರತು ಪ್ರಯೋಗವಲ್ಲ. ಕಾಗದವನ್ನು ಬಳಸುವವರು ಇತರ ವಿಷಯಗಳಲ್ಲಿಯೂ ಆರೋಗ್ಯಶೀಲರಾಗಿದ್ದಿರಬಹುದು. ಆದುದರಿಂದ ಸೋಸಿದ ಕಾಫಿ ಆಯುಸ್ಸನ್ನು ಹೆಚ್ಚಿಸುತ್ತದೆಯೆಂದು ಸಾರುವುದಕ್ಕೆ ಇದು ಆಧಾರವಾಗಲಾರದು. ಎಲ್‌ಡಿಎಲ್ ಏರುತ್ತದೆಯೆಂಬುದಾದರೋ ಪ್ರಯೋಗಸಿದ್ಧವಾದ ಮಾತು. ಈ ಎರಡು ಮಾತುಗಳ ತೂಕದ ಅಂತರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಾಫಿಯನ್ನು ಬೆಳೆಯುವ ನಾಡಾದ ನಮಗೆ ಈ ವಿಷಯ ಅನ್ಯರದಲ್ಲ. ಮಲೆನಾಡಿನ ಮನೆಗಳಲ್ಲಿ ಬೆಲ್ಲ ಹಾಕಿ ಕುದಿಸಿದ ನೀರಿಗೆ ಪುಡಿಯನ್ನು ಬೆರೆಸಿ ಇಳಿಸುವ ಕಾಫಿ, ಕುದಿತದ ಮಟ್ಟಿಗೆ ನಾರ್ವೆಯವರ ಕಾಫಿಯ ಬಂಧುವೇ ಸರಿ. ಆದರೆ ನಮ್ಮವರು ಅದನ್ನು ಬಟ್ಟೆಯಲ್ಲಿ ಸೋಸುವುದುಂಟು, ಆ ಬಟ್ಟೆಯೇ ಇಲ್ಲಿ ನಿರ್ಣಾಯಕ. ಸ್ವೀಡನ್ನಿನ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಕುದಿಸಿದ ಕಾಫಿಯ ಲೀಟರಿನಲ್ಲಿ 900 ಮಿಲಿಗ್ರಾಂ ಮೀರಿದ್ದ ಕೆಫೆಸ್ಟಾಲು ಬಟ್ಟೆಯಲ್ಲಿ ಸೋಸಿದೊಡನೆ 28ಕ್ಕೆ ಇಳಿಯಿತು. ಅವರ ಕುದಿಸಿದ ಕಾಫಿಯ ಅಂಕಿ ಹಿಂದಿನ ಅಳತೆಗಳಿಗಿಂತ ಬಹಳ ದೊಡ್ಡದು. ಬಟ್ಟಲಿನಿಂದ ಬಟ್ಟಲಿಗೆ ಈ ಪ್ರಮಾಣ ಎಷ್ಟು ವ್ಯತ್ಯಾಸಪಡಬಲ್ಲದೆಂಬುದಕ್ಕೂ ಇದೊಂದು ನಿದರ್ಶನ. ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವಾಗ ಬಟ್ಟೆಯೂ ಇಲ್ಲ, ಕಾಗದವೂ ಇಲ್ಲ. ತೂತುಗಳುಳ್ಳ ಲೋಹದ ತಳಕ್ಕೆ ಎಣ್ಣೆಯನ್ನು ಹೀರುವ ಗುಣವಿಲ್ಲವಾದುದರಿಂದ, ಅಲ್ಲಿ ತಡೆಯುವ ಕೆಲಸವೆಲ್ಲ ಒತ್ತಿ ಕೂರಿಸಿದ ಪುಡಿಯ ಪದರದ ಮೇಲೆಯೇ ಬೀಳುತ್ತದೆ. ಪುಡಿಯನ್ನು ಸಮವಾಗಿ ಒತ್ತಿ, ನಿಧಾನವಾಗಿ ಇಳಿಯಗೊಟ್ಟಾಗ ಡಿಕಾಕ್ಷನ್ ತಿಳಿಯಾಗಿರುತ್ತದೆ. ಪದರ ಸಡಿಲವಾಗಿ ನೀರು ಭರದಿಂದ ಇಳಿದಾಗ ಲೋಟದ ತಳದಲ್ಲಿ ನುಣ್ಣನೆಯ ಗಷ್ಟು ನಿಲ್ಲುತ್ತದೆ, ಆ ಗಷ್ಟಿನೊಡನೆ ಕೆಫೆಸ್ಟಾಲೂ ಬಂದಿದೆಯೆಂದೇ ತಿಳಿಯಬೇಕು. ಹಾಲು ಬೆರೆಸಿದ ಮಾತ್ರದಿಂದ ಅದು ಹೋಗುವುದಿಲ್ಲ. ಪುಡಿಗೆ ಚಿಕೋರಿ ಬೆರೆಸಿದಲ್ಲಿ ಕಾಫಿಯ ಪಾಲು ತಗ್ಗಿದಷ್ಟು ಕೆಫೆಸ್ಟಾಲೂ ತಗ್ಗುತ್ತದೆ; ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಅದು ಸ್ವಭಾವತಃ ಕಡಿಮೆ. ಆದರೆ ಬೀಜದ ಈ ಭೇದ ಒಂದಕ್ಕೆ ಎರಡರ ಪ್ರಮಾಣದ್ದಾದರೆ, ಸೋಸುವ ಸೋಸದಿರುವ ಭೇದ ಒಂದಕ್ಕೆ ಹತ್ತಾರರ ಪ್ರಮಾಣದ್ದು.

ದಿನಕ್ಕೆ ಒಂದೆರಡು ಬಟ್ಟಲನ್ನು ಯಾವ ಬಗೆಯಲ್ಲಿ ಕುಡಿದರೂ ಆರೋಗ್ಯವಂತನಾದವನು ಭೀತನಾಗಬೇಕಾದುದಿಲ್ಲ. ಬಟ್ಟಲಿಗೆ ನಾಲ್ಕು ಮಿಲಿಗ್ರಾಂ ಕೆಫೆಸ್ಟಾಲೆಂದು ಹಿಡಿದರೆ, ಮೇಲಿನ ಸೂತ್ರದಂತೆ ಎಲ್‌ಡಿಎಲ್‌ನಲ್ಲಿ ಅದರಿಂದಾಗುವ ಏರಿಕೆ ಎರಡು ಮೂರು ಮಿಲಿಗ್ರಾಂನಷ್ಟು ಮಾತ್ರ. ದಿನಕ್ಕೆ ನಾಲ್ಕು, ಐದು, ಆರು ಬಟ್ಟಲು ಕುಡಿಯುವವರಿಗೆ, ಅದರಲ್ಲಿಯೂ ಎಲ್‌ಡಿಎಲ್ ಈಗಾಗಲೇ ಹೆಚ್ಚಿರುವವರಿಗೆ, ಈ ಜ್ಞಾನದಿಂದ ನಿಜವಾದ ಪ್ರಯೋಜನವುಂಟು. ಏಕೆಂದರೆ ಪ್ರಿಯವಾದ ಪಾನೀಯವನ್ನು ತ್ಯಜಿಸೆಂದು ಇದು ಹೇಳುವುದಿಲ್ಲ, ಒಂದು ತುಂಡು ಕಾಗದವನ್ನೋ ಒಂದು ಶುಭ್ರವಾದ ಒತ್ತು ನೇಯ್ಗೆಯ ಬಟ್ಟೆಯನ್ನೋ ನಡುವೆ ಹಿಡಿಯೆಂದು ಮಾತ್ರ ಹೇಳುತ್ತದೆ. ರೋಗಿಯ ಎಲ್‌ಡಿಎಲ್ ಕಾರಣ ಕಾಣದೆ ಏರಿದಾಗ ವೈದ್ಯರು ಅವನ ಎಣ್ಣೆ, ಬೆಣ್ಣೆ, ಮಾಂಸಗಳನ್ನು ವಿಚಾರಿಸುತ್ತಾರೆ, ಕಾಫಿಯನ್ನೂ ಕೆಲವೊಮ್ಮೆ ವಿಚಾರಿಸುತ್ತಾರೆ. ಎಷ್ಟು ಬಟ್ಟಲೆಂದು ಕೇಳಿ ಅಲ್ಲಿಗೇ ನಿಲ್ಲಿಸದೆ, ಮನೆಯಲ್ಲಿ ಅದನ್ನು ಹೇಗೆ ಮಾಡುತ್ತೀರಿ, ಯಾವುದರಲ್ಲಿ ಸೋಸುತ್ತೀರಿ ಎಂದೂ ಅವರು ಕೇಳುವುದು ಅವಶ್ಯಕ. ಮೊದಲನೆಯ ಪ್ರಶ್ನೆಗೆ ದೊರೆಯುವ ಉತ್ತರಕ್ಕೆ ಅರ್ಥ ಬರುವುದು ಎರಡನೆಯದರ ಉತ್ತರ ದೊರೆತಾಗಲೇ.